ಬಾಣಗಳಿಲ್ಲದ ಸ್ಲೈಡು

ನಮ್ಮ ಬಿ.ಎ. ಬ್ಯಾಚಿನವರು ನಾಲ್ಕು ಜನ ಎಲ್ಲೇ ಸೇರಿದರೂ ಈ ಕತೆ ಒಮ್ಮೆ ಬಂದೇ ಬರುತ್ತದೆ. ಕುಮಟೆಯ ಸೆಮಿನಾರಿನಲ್ಲಿ ನನ್ನ ಗೆಳತಿಯ ಸ್ಲೈಡಿನ ಬಾಣಗಳನ್ನೆಲ್ಲ ವೈರಸ್ ತಿಂದುಹಾಕಿತ್ತಂತೆ. ಅವಳು ಹೆದರದೆ ಬಾಯಿಮಾತಿನಲ್ಲೇ ಇಡೀ ಕೈಗಾರಿಕಾ ಕ್ರಾಂತಿಯನ್ನು ದಡ ಮುಟ್ಟಿಸಿದಳಂತೆ. ಅದರಿಂದಲೇ ಅವಳಿಗೆ ಧಾರವಾಡದಲ್ಲಿ ಎಂ.ಎ. ಓದುವ ಯೋಗ ಬಂತಂತೆ.

ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಮೊದಲಿಗೆ, ಅದು ನಡೆದದ್ದು ಕುಮಟೆಯಲ್ಲಲ್ಲ, ಹೊನ್ನಾವರದ ನಮ್ಮದೇ ಕಾಲೇಜಿನಲ್ಲಿ. ಇನ್ನು ವೈರಸ್. ಆ ಕಾಲದಲ್ಲಿ ಕಂಪ್ಯೂಟರಿಗೆ ಏನೇ ಆದರೂ ಅದನ್ನು ವೈರಸ್ಸಿನ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ವಾಡಿಕೆಯಾಗಿತ್ತು, ಮಕ್ಕಳಿಗೆ ಜ್ವರ ಬಂದರೆ ದೃಷ್ಟಿಯ ಮೇಲೆ ಹಾಕುವ ಹಾಗೆ. ಆಗ ಕನ್ನಡದಲ್ಲಿ ಸ್ಲೈಡು ಮಾಡಿದವರಿಗೆಲ್ಲ ಗೊತ್ತು: ಒಂದು ಕಡೆ ಮಾಡಿದ್ದನ್ನು ಇನ್ನೊಂದು ಕಡೆ ತೆರೆದರೆ, ಅಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ, ಅಕ್ಷರಗಳು ಹಾಳಾಗುತ್ತವೆ. ಗೆರೆ, ಚೌಕ, ಬಾಣ ಎಲ್ಲ ಇದ್ದಲ್ಲೇ ಇರುತ್ತವೆ. ಅವತ್ತು ಅಕ್ಷರಗಳೆಲ್ಲ ನೆಟ್ಟಗಿದ್ದವು, ಇಸವಿಗಳು ನೆಟ್ಟಗಿದ್ದವು, ಬಾಣಗಳು ಮಾತ್ರ ಒಂದೂ ಇರಲಿಲ್ಲ. ಅಷ್ಟು ಆರಿಸಿ ತಿನ್ನುವ ವೈರಸ್ಸನ್ನು ನಾನು ಇವತ್ತಿನವರೆಗೆ ಕಂಡಿಲ್ಲ.

ಉಳಿದದ್ದು ಆ 'ಅದರಿಂದಲೇ'. ನನಗೂ ಅವಳಿಗೂ ಜಗಳ ಆದದ್ದೇ ಆ ಮಾತಿನ ಮೇಲೆ. ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ನಮ್ಮ ಕಡೆಗೆ ಕೊಂಕಣ ರೈಲು ಬಂದು ಏಳೆಂಟು ವರ್ಷ ಆಗಿತ್ತು. ನಾನು ಮುರ್ಡೇಶ್ವರದಿಂದ ಬಸ್ಸಿನಲ್ಲಿ ಬರುತ್ತಿದ್ದೆ, ಅವಳು ಮಾವಿನಕುರ್ವೆಯಿಂದ ಹೊಳೆ ದಾಟಿ. ಇಬ್ಬರು ಹುಡುಗಿಯರದೂ ಕೊನೆಯ ವರ್ಷ, ಇಬ್ಬರದೂ ಇತಿಹಾಸ. ನನಗೆ ಕಾಲೇಜಿನಲ್ಲಿ ಇದ್ದ ಹೆಸರು ಚರ್ಚಾಸ್ಪರ್ಧೆಯದು. ವಿಷಯ ಏನೇ ಇರಲಿ, ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎದುರಿನವರು "ಆದ್ದರಿಂದ" ಎಂದ ಕೂಡಲೇ ನನ್ನ ಕಿವಿ ನಿಮಿರುತ್ತಿತ್ತು. ಯಾಕೆಂದರೆ ಸೋಲುವ ಜಾಗ ಹೆಚ್ಚಾಗಿ ಅಲ್ಲೇ ಇರುತ್ತದೆ. ಅವಳು ವೇದಿಕೆ ಹತ್ತಿದವಳಲ್ಲ. ಆದರೆ ಓದಿದ್ದನ್ನು ಬಿಡುತ್ತಿರಲಿಲ್ಲ. ಲೈಬ್ರರಿಯಿಂದ ಒಂದು ಪುಸ್ತಕ ತಂದರೆ ಅದರ ಹಿಂದಿನ ಪುಟದಲ್ಲಿ ಹೇಳಿದ ಪುಸ್ತಕವೂ ಬೇಕು ಎಂದು ಅಟೆಂಡರನ ಬೆನ್ನು ಹತ್ತುವವಳು.

ಕುಮಟೆಯಲ್ಲಿ ಅಂತರ ಕಾಲೇಜು ವಿದ್ಯಾರ್ಥಿ ಸೆಮಿನಾರು ಎಂದು ಸುತ್ತೋಲೆ ಬಂತು. ಒಂದು ಕಾಲೇಜಿನಿಂದ ಒಬ್ಬರು. ನಮ್ಮ ಇತಿಹಾಸದ ಸರ್ ಎಲ್ಲರಿಗೂ ಹೇಳಿದರು: "ನಮ್ಮಲ್ಲೇ ಒಂದು ಸುತ್ತು ಮಾಡುವ. ಒಬ್ಬರಿಗೆ ಒಂದೇ ಸ್ಲೈಡು. ಕಂಪ್ಯೂಟರ್ ವಿಭಾಗದವರ ಪ್ರೊಜೆಕ್ಟರು, ಸಂಜೆಯೊಳಗೆ ವಾಪಸ್ ಕೊಡಬೇಕು. ವಿಷಯ ಕೈಗಾರಿಕಾ ಕ್ರಾಂತಿ, ಕಾಲರೇಖೆಯ ಮೇಲೆ. ಮೇಲೆ ಕಾರಣ, ಕೆಳಗೆ ಸಾಮಾಜಿಕ ಪರಿಣಾಮ. ನಡುವೆ ಬಾಣ ಇರಲೇಬೇಕು. ಬಾಣ ಇಲ್ಲದ ಕಾಲರೇಖೆ ಅಂದರೆ ಅದು ಪಂಚಾಂಗ, ಇತಿಹಾಸ ಅಲ್ಲ."

ನನಗೆ ಹೋಗುವ ಆಸೆ ಇರಲಿಲ್ಲ. ಆ ವಾರವೇ ನನಗೆ ಭಟ್ಕಳದಲ್ಲಿ ಚರ್ಚಾಸ್ಪರ್ಧೆ ಇತ್ತು. ಅವಳಿಗೆ ಮಾತ್ರ ಹೋಗಲೇಬೇಕಿತ್ತು. ಅದಕ್ಕೆ ಕಾರಣ ಅವಳ ಅಣ್ಣ. ಅಪ್ಪ ಸಮುದ್ರಕ್ಕೆ ಹೋಗುವುದು ಬಿಟ್ಟ ಮೇಲೆ ಮನೆ ನಡೆಸುತ್ತಿದ್ದವನು ಅವನೇ, ಮೀನು ಬುಟ್ಟಿಗಳಿಗೆ ಐಸ್ ಹೊಡೆಸಿ ಲಾರಿಗೆ ಹಾಕಿಸುವ ಕೆಲಸ ಮಾಡಿಕೊಂಡು. ಅವಳು ಎಂ.ಎ. ಎಂದು ಬಾಯಿ ತೆಗೆದಾಗ ಅವನು ಹೇಳಿದ್ದು ಇಷ್ಟೇ ಎಂದು ಅವಳೇ ನನಗೆ ಹೇಳಿದ್ದಳು: "ನಿಮ್ಮ ಸರ್ರು ನಿನ್ನ ಕುಮಟೆಗೆ ಕಳಿಸ್ಲಿ. ಆಮೇಲೆ ಧಾರವಾಡದ ಮಾತು ಎತ್ತುವ. ಇಲ್ಲಾ ಅಂದ್ರೆ ಊರ ಶಾಲೆಲೇ ಅಕ್ಕೋರಾಗೂಕೆ ಎಂತ ಕಮ್ಮಿ?"

ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಒಂದು ಕಂಪ್ಯೂಟರ್ ಸೆಂಟರ್ ಇತ್ತು. ನಡೆಸುತ್ತಿದ್ದವರು ಒಬ್ಬ ಹೆಂಗಸು. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರು, ಹಾಗಾಗಿ ನಮಗೆ ಅವರೂ ಅಕ್ಕೋರೇ. ನಾನು ಅಲ್ಲಿ ಕೋರ್ಸು ಮುಗಿಸಿದ್ದರಿಂದ ಸ್ಲೈಡು ಮಾಡಿಕೊಡು ಎಂದು ಅವಳು ನನ್ನನ್ನು ಕರೆದುಕೊಂಡು ಹೋದಳು. ಮರುದಿನವೇ ಕಾಲೇಜಿನ ಸುತ್ತು. ಆದರೆ ನಾವು ಹೋಗಿ ಕೂರುವಷ್ಟರಲ್ಲಿ ಅವಳ ಸ್ಲೈಡು ಆಗಲೇ ತಯಾರಿತ್ತು. ಹಿಂದಿನ ದಿನ ಅವಳೊಬ್ಬಳೇ ಬಂದು ಮಾಡಿದ್ದಳಂತೆ. ನಾನು ಬಣ್ಣ, ಅಕ್ಷರದ ಗಾತ್ರ ನೋಡಿದರೆ ಸಾಕಂತೆ.

ನೋಡಿದೆ. ನಡುವೆ ಒಂದು ದಪ್ಪ ಅಡ್ಡಗೆರೆ. ಗೆರೆಯ ಮೇಲೆ ಐದು ಚೌಕ: 1764 ನೂಲುವ ಯಂತ್ರ, 1769 ಉಗಿಯಂತ್ರ, 1785 ವಿದ್ಯುತ್ ಮಗ್ಗ, 1830 ರೈಲು, 1833 ಕಾರ್ಖಾನೆ ಕಾಯಿದೆ. ಗೆರೆಯ ಕೆಳಗೆ ಐದು ಚೌಕ: ನೇಕಾರರ ನಿರುದ್ಯೋಗ, ಮಕ್ಕಳ ದುಡಿಮೆ, ಹೆಂಗಸರು ಕಾರ್ಖಾನೆಗೆ, ನಗರಗಳ ಬೆಳವಣಿಗೆ, ಕಾರ್ಮಿಕ ಸಂಘಗಳು. ಮೇಲಿನ ಒಂದರಿಂದ ಕೆಳಗಿನ ಒಂದಕ್ಕೆ ಒಂದೊಂದು ಕೆಂಪು ಬಾಣ, ಎಲ್ಲ ನೇರ, ಸರಳು ಹಾಕಿದ ಕಿಟಕಿಯ ಹಾಗೆ.

"ಇದು ಎಲ್ಲಿಂದ ತಂದೆ?" ಎಂದೆ.

"ಸರ್ ನೋಟ್ಸಿಂದ. ಎಂತಕ್ಕೆ?"

ಸರ್ ನೋಟ್ಸು ನನಗೂ ಬಾಯಿಪಾಠವಿತ್ತು. ಅವರು ಹೇಳಿ ಬರೆಸುವವರು. 'ಕಾರಣಗಳು' ಎಂದು ಒಂದು ದಿನ, ಒಂದು, ಎರಡು, ಮೂರು ಎಂದು. 'ಪರಿಣಾಮಗಳು' ಎಂದು ಇನ್ನೊಂದು ದಿನ, ಮತ್ತೆ ಒಂದು, ಎರಡು, ಮೂರು ಎಂದು. ಪರೀಕ್ಷೆಯಲ್ಲಿ ಒಂದು ವರ್ಷ ಕಾರಣ ಕೇಳಿದರೆ ಇನ್ನೊಂದು ವರ್ಷ ಪರಿಣಾಮ ಕೇಳುತ್ತಿದ್ದರು. ಎರಡನ್ನೂ ಒಟ್ಟಿಗೆ ಕೇಳಿದವರಿಲ್ಲ. ಹಾಗಾಗಿ ಕಾರಣಕ್ಕೂ ಪರಿಣಾಮಕ್ಕೂ ನಂಟು ಇದೆ ಎಂಬುದು ನಮಗೆ ಗೊತ್ತಿತ್ತೇ ಹೊರತು ಯಾವುದಕ್ಕೆ ಯಾವುದು ಎಂದು ಯಾರೂ ಕೇಳಿಕೊಂಡವರಲ್ಲ. ಈಗ ಬಾಣ ಹಾಕು ಎಂದಾಗ ಅವಳು ಒಂದನೆಯ ಕಾರಣದಿಂದ ಒಂದನೆಯ ಪರಿಣಾಮಕ್ಕೆ, ಎರಡನೆಯದರಿಂದ ಎರಡನೆಯದಕ್ಕೆ ಎಳೆದಿದ್ದಳು. ನಂಬರು ತೆಗೆದು ಇಸವಿ ಹಾಕಿದ್ದಳು, ಅಷ್ಟೇ. ನಮ್ಮ ಕ್ಲಾಸಿನ ಯಾರೇ ಆಗಿದ್ದರೂ ಹಾಗೇ ಎಳೆಯುತ್ತಿದ್ದರು.

"ಮೊದ್ಲು ಈ 'ವಿದ್ಯುತ್ ಮಗ್ಗ' ತೆಗಿ ಮಾರಾಯ್ತಿ. ಆಗ ಕರೆಂಟೇ ಇರ್ಲಿಲ್ಲ. ಅದು ನೀರಿಂದ, ಉಗಿಯಿಂದ ತಿರುಗ್ತಿದ್ದದ್ದು. ಯಂತ್ರಮಗ್ಗ ಅಂತ ಹಾಕು."

"ಆತು." ಅವಳು ತಿದ್ದಿದಳು. "ಮತ್ತೆಂತ?"

"ಮತ್ತೆ ಬಾಣ. ಐದೂ ಬಿದ್ದುಹೋಗ್ತದೆ."

"ಐದೂ?"

ನಾನು ಕುರ್ಚಿ ಎಳೆದುಕೊಂಡು ಕೊನೆಯದರಿಂದ ಶುರು ಮಾಡಿದೆ. ಎದುರಾಳಿಯ ದುರ್ಬಲ ಮಾತನ್ನು ಮೊದಲು ಹಿಡಿಯಬೇಕೆಂಬುದು ಸ್ಪರ್ಧೆಯ ಅಭ್ಯಾಸ. "1833ರ ಕಾಯಿದೆಯಿಂದ ಸಂಘಗಳು ಹುಟ್ಟಿದ್ವು ಅಂತೀಯ. ಕೆಲಸಗಾರರು ಕೂಟ ಕಟ್ಟಬಾರದು ಅಂತ ಕಾಯಿದೆ ಮಾಡಿದ್ದು 1799ರಲ್ಲಿ, ಅದನ್ನ ತೆಗೆದದ್ದು 1824ರಲ್ಲಿ. ನಮ್ಮ ಟೆಕ್ಸ್ಟಲ್ಲೇ ಅದೆ. ಹುಟ್ಟದೇ ಇದ್ದದ್ದನ್ನ ಯಾರಾದ್ರೂ ನಿಷೇಧ ಮಾಡ್ತಾರಾ? ನಿನ್ನ ಬಾಣದಲ್ಲಿ ಮಗಳು ಮೊದ್ಲು, ತಾಯಿ ಆಮೇಲೆ."

ಅವಳು ನಕ್ಕಳು. "ಆತು, ಅದು ಹೋತು. ನಾಕು ಉಳೀತು."

"ರೈಲು ಬಂದದ್ದಕ್ಕೆ ನಗರ ಬೆಳೀತು. ಮ್ಯಾಂಚೆಸ್ಟರು ರೈಲು ಬರೂ ಮೊದ್ಲೇ ಉಬ್ಬಿತ್ತು. ಕಾಲುವೆ ಇತ್ತು, ಮಿಲ್ಲಿತ್ತು. ರೈಲು ಅದನ್ನ ಇನ್ನೂ ಬೆಳೆಸ್ತು ಅನ್ನು, ಒಪ್ಪುವ. ಹುಟ್ಟಿಸ್ತು ಅನ್ನಬೇಡ. ನಮ್ಮಲ್ಲಿ ನೋಡು. ರೈಲು ಬಂತು, ಹುಡುಗರೆಲ್ಲ ಮುಂಬಯಿಗೆ ಹೋದ್ರು ಅಂತ ಎಲ್ಲರೂ ಹೇಳೂದು. ನನ್ನ ಸೋದರಮಾವ ಮುಂಬಯಿಗೆ ಹೋದಾಗ ಹಳಿ ಎಲ್ಲಿತ್ತು? ಬಸ್ಸಲ್ಲಿ ವಾಂತಿ ಮಾಡ್ತಾ ಹೋಗಿದ್ದ ಅವ."

"ಉಗಿಯಂತ್ರ?"

"ಅದು ಇನ್ನೂ ಚಂದ. ಹತ್ತಿ ನೂಲೂ ಮೊದಲ ದೊಡ್ಡ ಮಿಲ್ಲುಗಳು ಹೊಳೆ ದಂಡೆಲಿ ಇದ್ದದ್ದು, ನೀರಿನ ಚಕ್ರ ತಿರುಗಿಸ್ಕೊಂಡು. 1771ರಷ್ಟರಲ್ಲೇ. ಅಲ್ಲೇ ಮಕ್ಕಳು ದುಡೀತಿದ್ದರು. ಉಗಿಯಂತ್ರ ಹತ್ತಿಮಿಲ್ಲಿಗೆ ಬಂದದ್ದು ಅದಾಗಿ ಸುಮಾರು ವರ್ಷದ ಮೇಲೆ. ಉಗಿ ಇಲ್ಲದ ಕಡೆನೂ ಮಕ್ಕಳು ದುಡಿದಿದ್ದರೆ, ಮಕ್ಕಳನ್ನ ಮಿಲ್ಲಿಗೆ ಎಳೆದದ್ದು ಉಗಿ ಅಲ್ಲ. ಮತ್ತೆ ಯಾವುದು?"

"ಯಾವುದು?" ಅವಳೂ ಕೇಳಿದಳು.

"ನನಗೇನು ಗೊತ್ತು? ನಾ ವಿರೋಧ."

ಅಷ್ಟು ಹೊತ್ತು ನಗುತ್ತಿದ್ದವಳು ಮೌಸ್ ಬಿಟ್ಟು ನನ್ನ ಕಡೆ ತಿರುಗಿದಳು. "ನಿಂಗೆ ಪರ ಕೊಟ್ರೂ ಆತು, ವಿರೋಧ ಕೊಟ್ರೂ ಆತು. ಕಪ್ ತಕಂಡು ಮನೆಗೆ ಹೋಗ್ತೆ. ನಂಗೆ ಇರೂದು ಒಂದೇ ನಾಳೆ. ಕೆಡವೂಕೆ ಎಲ್ಲರಿಗೂ ಬತ್ತದೆ. ಒಂದು ಬಾಣ ನೀ ಹಾಕಿ ತೋರ್ಸು ನೋಡುವ."

ಕೌಂಟರಿನಿಂದ ಅಕ್ಕೋರು ಕತ್ತೆತ್ತಿದರು. "ಎಂತದ್ರೇ ಅದು? ಗಲಾಟೆ ಇದ್ರೆ ಕೆಳಗೆ ಬಸ್‌ಸ್ಟ್ಯಾಂಡದೆ, ಜಾಗ ಬೇಕಾದಷ್ಟದೆ."

"ಇಂಗ್ಲೆಂಡಿನ ಜಗಳ ಅಕ್ಕೋರೆ," ಎಂದೆ.

"ಅಲ್ಲೇ ಹೋಗಿ ಮಾಡಿ ಹಂಗಾರೆ," ಎಂದು ಅವರು ಮತ್ತೆ ಟೈಪಿಂಗಿಗೆ ಇಳಿದರು.

ನನಗೆ ಅವಳ ಮಾತು ನಾಟಿತೆಂದು ಬರೆದರೆ ಕತೆ ಚಂದವಾದೀತು. ನಾಟಲಿಲ್ಲ. ಸುಳ್ಳು ಬಾಣಕ್ಕಿಂತ ಖಾಲಿ ಜಾಗ ಮೇಲು ಎಂದು ಆಗಲೂ ವಾದಿಸಿದೆ, ಈಗಲೂ ವಾದಿಸುತ್ತೇನೆ. ಆದರೆ ಸರ್ ಬಾಣ ಕೇಳಿದ್ದರು, ಮರುದಿನವೇ ಇತ್ತು, ಖಾಲಿ ಜಾಗ ಹಿಡಿದುಕೊಂಡು ಅವಳು ಕುಮಟೆಗೆ ಹೋಗುವಂತಿರಲಿಲ್ಲ. ಹಾಗಾಗಿ ಬಿದ್ದ ಬಾಣಗಳ ಜಾಗಕ್ಕೆ ನಿಲ್ಲುವ ಬಾಣಗಳನ್ನು ಹುಡುಕಲು ಕೂತೆವು. ಅವಳು ಲೈಬ್ರರಿಯ ದಪ್ಪ ಪುಸ್ತಕ ತಂದಿದ್ದಳು. ನಾನು ಒಂದೊಂದು ಬಾಣವನ್ನೂ ಹಿಡಿದು ಅದೇ ಕೇಳುತ್ತಿದ್ದೆ: ಇದು ಅದಕ್ಕಿಂತ ಮೊದಲಾಗಿತ್ತೇ? ಮೊದಲಾಗಿದ್ದರೆ, ಇಲ್ಲಿಂದ ಅಲ್ಲಿಗೆ ಯಾವ ದಾರಿಯಲ್ಲಿ ಹೋಯಿತು? ಇದಿಲ್ಲದ ಕಡೆಯಲ್ಲೂ ಅದು ಆಗಿತ್ತೇ?

ಮಕ್ಕಳ ಬಾಣ ಅವಳೇ ಹಾಕಿದಳು. ನೂಲುವ ಯಂತ್ರ ಕೈಬಲವನ್ನು ಕೇಳುವುದಿಲ್ಲ, ಹರಿದ ಎಳೆ ಕೂಡಿಸಲು ಸಣ್ಣ ಬೆರಳು ಸಾಕು, ದೊಡ್ಡವರಿಗಿಂತ ಅಗ್ಗದ ಕೂಲಿ. ಯಂತ್ರ ಉಗಿಯಿಂದ ತಿರುಗಲಿ, ನೀರಿನಿಂದ ತಿರುಗಲಿ, ಎಳೆ ಹರಿಯುವುದು ನಿಲ್ಲದು. ಹಾಗಾದರೆ ಬಾಣ ಹೊರಡಬೇಕಾದದ್ದು ಉಗಿಯಿಂದಲ್ಲ, ನೂಲುವ ಯಂತ್ರಗಳು ಒಂದೇ ಸೂರಿನಡಿ ಬಂದದ್ದರಿಂದ. ಇದಕ್ಕೆ ನನಗೆ ವಿರೋಧ ಸಿಗಲಿಲ್ಲ. ಹೆಂಗಸರು ಕಾರ್ಖಾನೆಗೆ ಹೋದದ್ದಕ್ಕೂ ಬಾಣ ಮಗ್ಗದಿಂದಲ್ಲ, ಅದೇ ನೂಲಿನ ಮಿಲ್ಲಿನಿಂದಲೇ ಹೊರಟಿತು.

ಕಾಯಿದೆಯ ಹತ್ತಿರ ಬಂದಾಗ ಇನ್ನೊಂದು ತೊಡಕು. 1833ರ ಕಾಯಿದೆ ಬಟ್ಟೆ ಮಿಲ್ಲುಗಳಲ್ಲಿ ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಸೇರಿಸಬಾರದು ಎಂದಿತು, ರೇಷ್ಮೆಯ ಮಿಲ್ಲುಗಳನ್ನು ಬಿಟ್ಟು. ಅದಕ್ಕಿಂತ ದೊಡ್ಡ ಮಕ್ಕಳಿಗೆ ದಿನಕ್ಕೆ ಎರಡು ತಾಸು ಪಾಠ ಆಗಬೇಕು ಎಂದಿತು, ನೋಡಿಕೊಳ್ಳಲು ಇನ್‌ಸ್ಪೆಕ್ಟರುಗಳನ್ನು ಇಟ್ಟಿತು. ಅಂದರೆ ಕಾಯಿದೆ ಮಕ್ಕಳ ದುಡಿಮೆಯ ಪರಿಣಾಮ.

"ಹಂಗಾದ್ರೆ ಇದು ಕೆಳಗೆ ಬರ್ಬೇಕು," ಎಂದಳು.

"ಆದರೆ ಇದರಿಂದ ಮಿಲ್ಲಿನ ಮಕ್ಕಳಿಗೆ ಶಾಲೆ ಅಂತ ಆತಲ್ಲ. ಅದಕ್ಕೆ ಇದು ಕಾರಣ. ಹಂಗಾದ್ರೆ ಮೇಲೇ ಇರ್ಬೇಕು."

"ಎರಡೂ ಕಡೆ ಹೆಂಗೆ ಇರ್ತದೆ?"

ಸರ್ ಹೇಳಿದ ವಿನ್ಯಾಸದಲ್ಲಿ ಕಾರಣ ಮೇಲೆ, ಪರಿಣಾಮ ಕೆಳಗೆ. ಬಾಣ ಇಳಿಯಬಹುದು, ಏರುವ ಹಾಗಿಲ್ಲ. ಅವಳು ಸ್ವಲ್ಪ ಹೊತ್ತು ನೋಡಿ, 'ಮಕ್ಕಳ ದುಡಿಮೆ'ಯಿಂದ ಕಾಯಿದೆಗೆ ಮೇಲ್ಮುಖವಾಗಿ ಒಂದು ಬಾಣ ಎಳೆದಳು, ಕಾಯಿದೆಯಿಂದ ಹೊಸದಾಗಿ ಹಾಕಿದ 'ಶಾಲೆ' ಎಂಬ ಚೌಕಕ್ಕೆ ಮತ್ತೆ ಕೆಳಕ್ಕೆ ಇನ್ನೊಂದು. ಸ್ಲೈಡು ಮೊದಲ ಬಾರಿಗೆ ಕಿಟಕಿಯ ಹಾಗೆ ಕಾಣುವುದನ್ನು ಬಿಟ್ಟಿತು.

ಕೊನೆಗೆ ಉಳಿದದ್ದು ಮೊದಲನೆಯ ಬಾಣ. ನೂಲುವ ಯಂತ್ರದಿಂದ ನೇಕಾರರ ನಿರುದ್ಯೋಗ. ಅದು ಸರಿ ಎಂದೇ ಅವಳ ಹಟ. ಎಲ್ಲ ಗೈಡುಗಳಲ್ಲೂ ಹಾಗೇ ಇದೆ.

"ಯಂತ್ರ ಬಂತು, ನೂಲು ರಾಶಿ ಆತು," ಎಂದೆ. "ನೂಲು ರಾಶಿ ಆದ್ರೆ ನೇಯೂವನಿಗೆ ಕೆಲ್ಸ ಹೋಗೂದು ಹೆಂಗೆ? ಜಾಸ್ತಿ ಆಗ್ಬೇಕಲ್ಲ?"

ಅವಳು ಕಿಟಕಿಯ ಕಡೆ ತಿರುಗಿದಳು. ಪುಸ್ತಕವನ್ನು ತೆಗೆಯಲಿಲ್ಲ. ಕಿಟಕಿಯಾಚೆ ಬಸ್ಸಿನ ಕಂಡಕ್ಟರ್ "ಗೇರಸೊಪ್ಪಾ, ಗೇರಸೊಪ್ಪಾ" ಎಂದು ಕೂಗುತ್ತಿದ್ದ.

"ನಮ್ಮನೇಲಿ ಅಜ್ಜಿ ಬಲೆ ಹೆಣೀತಿತ್ತು," ಎಂದಳು ಆಮೇಲೆ. "ಹತ್ತಿ ನೂಲಿಂದು. ಅದ್ರ ಅಕ್ಕ, ಚಿಕ್ಕಿ, ಕೇರಿಯ ಹೆಂಗಸ್ರೆಲ್ಲ. ಆಮೇಲೆ ನೈಲಾನ್ ಬಲೆ ಬಂತು, ಮಿಲ್ಲಲ್ಲೇ ಹೆಣೆದದ್ದು. ನೈಲಾನ್ ಬಂದು ಮೀನುಗಾರ್ರ ಹೊಟ್ಟೆ ಮೇಲೆ ಹೊಡೀತು ಅಂತ ಪೇಟೆಯವ್ರು ಮಾತಾಡ್ತ್ರು. ಸುಳ್ಳು. ದೋಣಿಯವ್ರಿಗೆ ಒಳ್ಳೇದೇ ಆತು ಆಗ. ಹಗುರ ಬಲೆ, ಕೊಳೀತಿರ್ಲಿಲ್ಲ, ಮೊದ್ಲಿಗಿಂತ ಮೀನು ಜಾಸ್ತಿ. ಕೆಲ್ಸ ಹೋದದ್ದು ಹೆಣೀತಿದ್ದವ್ರದ್ದು. ದೋಣಿಯವ್ರಿಗೆ ಹೊಡೆತ ಬಿದ್ದದ್ದು ಎಷ್ಟೋ ವರ್ಷ ಕಳೆದು, ಟ್ರಾಲರ್ ಬಂದ ಮೇಲೆ. ಅದು ಬೇರೇ ಯಂತ್ರ."

ಹೇಳುತ್ತ ಹೇಳುತ್ತಲೇ ಅವಳು ಪುಸ್ತಕ ತೆರೆದಿದ್ದಳು. ಬೆರಳು ಇಟ್ಟುಕೊಂಡು ಓದಿ, ಮತ್ತೆ ಹಿಂದಿನ ಪುಟ ತಿರುಗಿಸಿ ಓದಿ, ನನಗೆ ತೋರಿಸಿದಳು. ಹೌದು, ಹಾಗೇ ಇತ್ತು. ನೂಲುವುದು ಮಿಲ್ಲಿಗೆ ಹೋದಾಗ ಕೆಲಸ ಕಳೆದುಕೊಂಡವರು ಮನೆಯಲ್ಲಿ ಕೂತು ನೂಲುತ್ತಿದ್ದ ಹೆಂಗಸರು. ನೇಕಾರರಿಗೆ ಅದು ಒಂದು ತಲೆಮಾರಿನಷ್ಟು ಕಾಲ ಸುಗ್ಗಿ, ಕೈಮಗ್ಗಗಳ ಸಂಖ್ಯೆಯೇ ಏರಿತ್ತು. ಅವರನ್ನು ಇಳಿಸಿದ್ದು ಯಂತ್ರಮಗ್ಗ. ಅದೂ 1785ರಲ್ಲಿ ಪೇಟೆಂಟ್ ಆದ ಕೂಡಲೇ ಅಲ್ಲ, 1820ರ ನಂತರ ಅದು ಮಿಲ್ಲು ಮಿಲ್ಲಿಗೆ ಹಬ್ಬಿದಾಗ.

ಮೊದಲನೆಯ ಬಾಣವನ್ನು ಅಳಿಸಿ ಅವಳು ಎರಡು ಮಾಡಿದಳು. ಒಂದು ನೂಲುವ ಯಂತ್ರದಿಂದ 'ಮನೆಯಲ್ಲಿ ನೂಲುವ ಹೆಂಗಸರು' ಎಂಬ ಹೊಸ ಚೌಕಕ್ಕೆ. ಇನ್ನೊಂದು ಯಂತ್ರಮಗ್ಗದಿಂದ ನೇಕಾರರಿಗೆ, ಓರೆಯಾಗಿ, ಉದ್ದಕ್ಕೆ, ನಲವತ್ತು ವರ್ಷದ ದೂರ ದಾಟಿ.

"ಇದು ಬೀಳ್ತದಾ ನೋಡು," ಎಂದಳು.

ನೋಡಿದೆ. ಬೀಳಲಿಲ್ಲ. ನನ್ನ ಬಸ್ಸಿನ ಹೊತ್ತಾಗಿತ್ತು. ಎಲ್ಲ ಬಾಣಗಳೂ ಇದ್ದ, ನಾನು ಒಪ್ಪಿದ ಸ್ಲೈಡನ್ನು ಪರದೆಯ ಮೇಲೆ ಬಿಟ್ಟು ನಾನು ಇಳಿದು ಹೋದೆ. ಪೆನ್‌ಡ್ರೈವಿಗೆ ಹಾಕಿಕೊಳ್ಳುವುದು ಮಾತ್ರ ಬಾಕಿ ಇತ್ತು, ಅದು ಅವಳಿಗೆ ಬರುತ್ತಿತ್ತು.

ಮರುದಿನ ನಮ್ಮ ಕ್ಲಾಸಿನ ಬಿಳಿ ಗೋಡೆಗೇ ಪ್ರೊಜೆಕ್ಟರ್ ಬಿಟ್ಟಿದ್ದರು. ಅವಳಿಗಿಂತ ಮೊದಲು ಬಂದವರೆಲ್ಲರದ್ದೂ ಸರಳುಗಳ ಕಿಟಕಿ. ಸರ್ ಮುಂದಿನ ಬೆಂಚಿನಲ್ಲಿ ಕೂತು ತಲೆಯಾಡಿಸುತ್ತಿದ್ದರು, ಅವರದೇ ನೋಟ್ಸು ಗೋಡೆಯ ಮೇಲೆ ಬಂದದ್ದು ನೋಡಿ ಬೇಸರವಾಗಿತ್ತೋ ಸಂತೋಷವಾಗಿತ್ತೋ ತಿಳಿಯದು. ಅವಳ ಸ್ಲೈಡು ತೆರೆಯಿತು. ಗೆರೆ, ಇಸವಿ, ಚೌಕಗಳು. ಬಾಣ ಒಂದೂ ಇಲ್ಲ.



"ಬಾಣ ಎಲ್ಲಿ?" ಎಂದರು ಸರ್.

"ಬಾಣ ಇಲ್ಲ ಸರ್," ಎಂದಳು.

ಪ್ರೊಜೆಕ್ಟರ್ ನೋಡಿಕೊಳ್ಳುತ್ತಿದ್ದ ಲ್ಯಾಬಿನವರು ಹಿಂದಿನಿಂದ, "ವೈರಸ್ ಇರ್ಬೇಕು ಸರ್, ಹೊರಗಿನ ಪೆನ್‌ಡ್ರೈವು," ಎಂದರು. ವೈರಸ್ಸು ಹುಟ್ಟಿದ್ದು ಅಲ್ಲಿ. ಅವಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

"ಬಾಣ ಇಲ್ಲದಿದ್ದರೆ ಪಂಚಾಂಗ ಅಂತ ಹೇಳಿದ್ದೆ," ಎಂದರು ಸರ್, ಸಿಟ್ಟಿಲ್ಲದೆ.

"ಹೌದು ಸರ್. ಕೈಯಲ್ಲೇ ತೋರಿಸ್ತೆ."

ಅವಳು ಪ್ರೊಜೆಕ್ಟರಿನ ಬೆಳಕಿನೊಳಗೆ ಬಂದು ನಿಂತಳು. ಕೈ ಎತ್ತಿದಾಗ ಗೋಡೆಯ ಮೇಲೆ ಬೆರಳಿನ ನೆರಳು ಬಿತ್ತು. ಆ ನೆರಳನ್ನು 1764ರ ಮೇಲೆ ಇಟ್ಟು ಕ್ಲಾಸನ್ನು ಕೇಳಿದಳು: "ಇದ್ರಿಂದ ಯಾರ ಕೆಲ್ಸ ಹೋತು?"

ಇಡೀ ಕ್ಲಾಸು ಒಂದೇ ಉಸಿರಿಗೆ, "ನೇಕಾರರದು!"

"ನೂಲು ರಾಶಿ ಬಿದ್ರೆ ನೇಕಾರರಿಗೆ ಕೆಲ್ಸ ಹೋಗೂದು ಹೆಂಗೆ?"

ನನ್ನ ಪ್ರಶ್ನೆ. ನನ್ನದೇ ಧಾಟಿ ಕೂಡ.  ಅವಳು ನೆರಳನ್ನು ನೂಲುವ ಹೆಂಗಸರ ಚೌಕಕ್ಕೆ ಇಳಿಸಿದಳು. ಆಮೇಲೆ ಯಂತ್ರಮಗ್ಗದ ಮೇಲೆ ಇಟ್ಟು ಅಲ್ಲಿಂದ ನೇಕಾರರ ಕಡೆಗೆ ತಂದಳು, ಬಹಳ ನಿಧಾನವಾಗಿ. ದಾರಿಯಲ್ಲಿ ಮಾತಾಡುತ್ತ ಬಂದಳು: ಈಗ ನೇಕಾರರಿಗೆ ಕೈತುಂಬ ಕೆಲಸ, ಈಗಲೂ ಇದೆ, ಈಗ ಮಕ್ಕಳನ್ನೂ ಮಗ್ಗಕ್ಕೆ ಕೂರಿಸಿದ್ದಾರೆ, ಈಗ ಕೂಲಿ ಇಳಿಯಲು ಶುರು, ಈಗ ಯಂತ್ರಮಗ್ಗ ಮಿಲ್ಲಿಗೆಲ್ಲ ಬಂತು. ನೆರಳು ಮುಟ್ಟಿದಾಗ ಕ್ಲಾಸಿನಲ್ಲಿ ಯಾರೋ "ಪಾಪ" ಎಂದರು. ಸ್ಲೈಡಿನ ಬಾಣವನ್ನು ನೋಡಿ ಯಾರೂ ಪಾಪ ಅಂದದ್ದು ನಾನು ಕೇಳಿಲ್ಲ.

ಮಕ್ಕಳಿಂದ ಕಾಯಿದೆಗೆ ನೆರಳು ಮೇಲೆ ಹತ್ತಿದಾಗ ಸರ್ ತಡೆದರು. "ಏ, ಪರಿಣಾಮದಿಂದ ಮೇಲೆ ಎಲ್ಲಿ ಹೋಗ್ತಿ? ಮೇಲಿರೋದು ಕಾರಣ."

"ಇದು ಪರಿಣಾಮ ಆಗಿ ಬಂದು ಕಾರಣ ಆತು ಸರ್. ಮಕ್ಕಳು ದುಡೀದೇ ಇದ್ರೆ ಈ ಕಾಯಿದೆ ಎಂತಕ್ಕೆ ಬೇಕಿತ್ತು? ಕಾಯಿದೆ ಇಲ್ಲದೇ ಇದ್ರೆ ಮಿಲ್ಲಿನ ಮಕ್ಕಳಿಗೆ ಪಾಠ ಹೇಳಿ ಅಂತ ಮಾಲಕ್ರಿಗೆ ಯಾರು ಹೇಳ್ತಿದ್ರು?"

"ಹಾಗಾದರೆ ನನ್ನ ನೋಟ್ಸಲ್ಲಿ ಕಾಯಿದೆ ಯಾವ ಪಟ್ಟಿಗೆ ಹಾಕಬೇಕು?"

"ಅದು ನೀವೇ ಹೇಳ್ಬೇಕು ಸರ್."

ಕ್ಲಾಸು ನಕ್ಕಿತು. ಸರ್ ಕೂಡ ನಕ್ಕರು, ಆದರೆ ಕನ್ನಡಕ ತೆಗೆದು ಒರೆಸುತ್ತ ತುಂಬ ಹೊತ್ತು ಗೋಡೆಯನ್ನೇ ನೋಡಿದರು. ಸಂಜೆ ನೋಟಿಸ್ ಬೋರ್ಡಿನಲ್ಲಿ ಕುಮಟೆಗೆ ಅವಳ ಹೆಸರು.

ನಾನು ಸೀದಾ ಮಹಡಿ ಹತ್ತಿ ಅಕ್ಕೋರನ್ನು ಕೇಳಿದೆ. ಅವರ ಕಂಪ್ಯೂಟರಿನಲ್ಲಿ ಉಳಿದಿದ್ದ ಪ್ರತಿಯಲ್ಲಿ ಬಾಣಗಳೆಲ್ಲ ಹಾಗೇ ಇದ್ದವು. "ನೀ ಹೋದ ಮೇಲೆ ಆ ಹುಡುಗಿ ಮತ್ತೆ ಕೂತಿತ್ತು," ಎಂದರು ಅಕ್ಕೋರು. "ಪೆನ್‌ಡ್ರೈವಿಗೆ ಹಾಕ್ಕಂಡು, ಅದ್ರಲ್ಲೇ ಎಂತದೋ ಒಂದೊಂದೇ ಅಳಿಸ್ತಾ ಇತ್ತು. ಸರಿ ಇದ್ದದ್ದನ್ನ ಎಂತಕ್ಕೆ ಅಳಿಸ್ತೆ ಮಾರಾಯ್ತಿ ಅಂದೆ. ನಕ್ಕಂಡು ಹೋತು."

ಅಲ್ಲಿಗೆ ವೈರಸ್ ಮುಗಿಯಿತು.

ಕುಮಟೆಗೆ ನಾನೂ ಹೋದೆ. ಭಟ್ಕಳದ ಸ್ಪರ್ಧೆ ಮುಗಿದಿತ್ತು. ಅಲ್ಲಿ ಅವಳ ಸ್ಲೈಡಿನಲ್ಲಿ ಬಾಣಗಳು ಮತ್ತೆ ಇದ್ದವು. ಒಂದು ಕ್ಲಿಕ್ಕಿಗೆ ಒಂದು ಬರುವ ಹಾಗೆ ಕೂರಿಸುವುದನ್ನು ನಾನೇ ಹೇಳಿಕೊಟ್ಟಿದ್ದೆ. ಚೆನ್ನಾಗಿಯೇ ಆಯಿತು, ಚಪ್ಪಾಳೆ ಬಿತ್ತು, ಆದರೆ ಹೊನ್ನಾವರದ ಗೋಡೆಯ ಮೇಲೆ ಆದ ಹಾಗೆ ಆಗಲಿಲ್ಲ. ಬಹುಶಃ ಅದಕ್ಕೇ ಕತೆ ಹೇಳುವವರು ನೆರಳನ್ನು ತಂದು ಕುಮಟೆಗೆ ಸೇರಿಸಿಬಿಟ್ಟಿದ್ದಾರೆ.

ಅವಳನ್ನು ಕರೆದುಕೊಂಡು ಬಂದಿದ್ದವನು ಅಣ್ಣ. ಸಭಾಂಗಣದ ಹೊರಗೆ ಕ್ಯಾಂಟೀನಿನಲ್ಲಿ ನನಗೂ ಒಂದು ಚಾ ಹೇಳಿದ. ತೊಳೆದರೂ ಹೋಗದ ಮೀನಿನ ವಾಸನೆ, ಇಸ್ತ್ರಿ ಮಾಡಿದ ಅಂಗಿ. ಒಳಗೆ ಯಾಕೆ ಬರುವುದಿಲ್ಲ ಎಂದು ಕೇಳಿದೆ.

"ನಂಗೆಂತ ತಿಳೀತದೆ ತಂಗಿ ಅದು. ಹುಡುಗಿಗೆ ನಾಚ್ಕೆ ಆದೀತು."

"ಈಗಾದರೂ ಧಾರವಾಡಕ್ಕೆ ಕಳಿಸ್ತ್ರಿ ತಾನೇ? ಕುಮಟೆಗೆ ಬಂದಾತಲ್ಲ."

ಅವನು ಚಾ ಊದುತ್ತ ನಕ್ಕ. "ಅದು ನಾ ಚೌತಿಗೇ ನಿಶ್ಚೈಸಿದ್ದೆ. ಮೀನು ಲಾರಿ ಆ ಕಡೆ ಹೋಗ್ತದಲ್ಲ, ಅಲ್ಲಿ ಗುರ್ತಿನವ್ರ ಹತ್ರ ಹಾಸ್ಟೆಲಿನ ಸಂಗ್ತಿ ಕೇಳೂಕೆ ಹೇಳಿದ್ದೆ. ಹುಡುಗಿ ಸುಮ್ನೆ ಕೂರಬಾರ್ದು ಅಂತ ಕುಮಟೆ ಮಾತು ಹೇಳ್ದೆ ಅಷ್ಟೇ."

ಚೌತಿ ಕಳೆದು ಎಷ್ಟೋ ಸಮಯದ ಮೇಲೆ ನಮ್ಮ ಕಾಲೇಜಿನ ಸುತ್ತು ನಡೆದದ್ದು. ನನ್ನ ಕಿವಿ ನಿಮಿರಿತು. "ಅವಳಿಗೆ ಹೇಳಿದ್ರಾ ಅದು?"

"ಅಮ್ಮನ ಹತ್ರ ಹೇಳಿದ್ದೆ. ಅಮ್ಮ ಅದ್ರ ಹತ್ರ ಹೇಳಿತ್ತೋ ಇಲ್ಲವೋ. ನೆನಪಿಲ್ಲ ಮಾರಾಯ್ತಿ. ಹೆಂಗಿದ್ರೂ ಆತಲ್ಲ ಈಗ."

ಹೇಗಿದ್ದರೂ ಆಯಿತು ಎಂದು ಅವನಿಗೆ ಅನ್ನಿಸಬಹುದು. ನನಗೆ ಅನ್ನಿಸುವುದಿಲ್ಲ. ಬ್ಯಾಚಿನವರು ಹೇಳುವ ಆ 'ಅದರಿಂದಲೇ' ಅಲ್ಲಿ ಕ್ಯಾಂಟೀನಿನಲ್ಲೇ ಬಿದ್ದುಹೋಯಿತು. ಧಾರವಾಡ ಸೆಮಿನಾರಿನ ಪರಿಣಾಮವಲ್ಲ, ಅದು ಸೆಮಿನಾರಿಗಿಂತ ಮೊದಲೇ ಇತ್ತು. ಆದರೆ ಅದು ಬಿದ್ದ ಕೂಡಲೇ ಇನ್ನೊಂದು ಬಾಣ ಎದ್ದು ನಿಂತಿತು, ಅದನ್ನು ಎಲ್ಲಿಂದ ಎಳೆಯಬೇಕೋ ನನಗೆ ತಿಳಿಯುತ್ತಿಲ್ಲ. ಸರ್ ಬಾಣ ಬೇಕೇ ಬೇಕು ಎಂದಿದ್ದರು. ಇದ್ದ ಬಾಣಗಳು ಸರಿಯಿದ್ದವು, ನಾನೇ ಪರೀಕ್ಷಿಸಿದ್ದೆ. ಅವನ್ನು ಒಂದೊಂದಾಗಿ ಅಳಿಸಿ, ಖಾಲಿ ಸ್ಲೈಡು ಹಿಡಿದುಕೊಂಡು ಸರ್ ಎದುರು ನಿಲ್ಲುವುದೆಂದರೆ, ಧಾರವಾಡ ಇನ್ನೂ ಕೈಯಲ್ಲಿಲ್ಲದವಳಿಗೆ ಅದೊಂದು ಧೈರ್ಯ. ಧಾರವಾಡ ಆಗಲೇ ಕೈಯಲ್ಲಿದ್ದವಳಿಗೆ ಅದೊಂದು ಆಟ. ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತದೆ, ಗೋಡೆಯ ಮೇಲಿನ ನೆರಳು ಅದೇ ನೆರಳು.

ಅವಳು ಈಗಲೂ ಧಾರವಾಡದಲ್ಲೇ ಇದ್ದಾಳೆ, ಮುಂದಿನ ಓದು ನಡೆದಿದೆ. ಊರಿಗೆ ಬಂದಾಗ ಸಿಗುತ್ತೇವೆ, ಮಾತಾಡುತ್ತೇವೆ, ಜಗಳವೂ ಆಡುತ್ತೇವೆ. ಇದನ್ನು ಒಮ್ಮೆ ಹೊನ್ನಾವರ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ. ಅಷ್ಟರಲ್ಲಿ ಅವಳ ಬಸ್ಸು ಬಂತು, ಅವಳು ಹತ್ತಿ ಕಿಟಕಿಯಿಂದ ಕೈ ಬೀಸಿದಳು. ಬಸ್ಸು ಬಂದದ್ದಕ್ಕೇ ಅವಳು ಉತ್ತರ ಕೊಡಲಿಲ್ಲ ಎಂದು ನಾನು ನಂಬಬೇಕಾಗಿಲ್ಲ. ಅದಕ್ಕೇ ಇಲ್ಲಿ ಬರೆದು ಇನ್ನೊಮ್ಮೆ ಕೇಳುತ್ತಿದ್ದೇನೆ, ಮಾರಾಯ್ತಿ: ನಾನು ಇಳಿದು ಹೋದ ಮೇಲೆ ಅಕ್ಕೋರ ಕಂಪ್ಯೂಟರಿನ ಮುಂದೆ ಕೂತು ನೀನು ಮೊದಲನೆಯ ಬಾಣ ಅಳಿಸಿದಾಗ, ನಿನ್ನ ಅಮ್ಮ ನಿನಗೆ ಧಾರವಾಡದ ಮಾತು ಹೇಳಿ ಆಗಿತ್ತೋ, ಇಲ್ಲವೋ?